ತಳೋಜದಲ್ಲಿರುವ ಅಳಿಯನಿಗೆ: ಜುಮಾದ ಬಗ್ಗೆ

ಡೋಂಗ್ರಿ, ಮುಂಬೈ

ಪ್ರೀತಿಯ ಸಫ್ವಾನ್‌ಗೆ,

ಅಸ್ಸಲಾಮು ಅಲೈಕುಂ. ತಳೋಜದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ್ದೀ, ಮಸೀದಿ ನಾಲ್ಕು ಕಿಲೋಮೀಟರ್ ದೂರ, ಊಟದ ಬಿಡುವು ಅರ್ಧ ಗಂಟೆ ಮಾತ್ರ ಎಂದು ನಿನ್ನ ಉಮ್ಮ ಹೇಳಿದಳು. ಪ್ಲಾಂಟಿನ ಹುಡುಗರೆಲ್ಲ ಸೇರಿ ಮೀಟಿಂಗ್ ರೂಮಿನಲ್ಲೇ ಶುಕ್ರವಾರ ಮಧ್ಯಾಹ್ನದ ಜುಮಾ ನಮಾಝ್ ಮಾಡಬಹುದೇ ಎಂದು ನೀನು ಕೇಳಿದ್ದೀಯಂತೆ. ಮೊದಲು ಅದಕ್ಕೇ ಉತ್ತರ ಬರೆಯುತ್ತೇನೆ.

ನಮ್ಮ ಶಾಫಿ ಮದ್‌ಹಬಿನ ಬಲವಾದ ಅಭಿಪ್ರಾಯದಂತೆ ಜುಮಾಕ್ಕೆ ಕನಿಷ್ಠ ನಲವತ್ತು ಗಂಡಸರು ಬೇಕು. ಬರೀ ಲೆಕ್ಕಕ್ಕೆ ನಲವತ್ತು ಜನ ಸೇರಿದರೆ ಸಾಲದು. ಅವರು ಪ್ರಾಯಕ್ಕೆ ಬಂದವರಾಗಿರಬೇಕು, ಆ ಊರನ್ನೇ ಖಾಯಂ ನೆಲೆ ಮಾಡಿಕೊಂಡವರಾಗಿರಬೇಕು. ಕೆಲಸಕ್ಕೆಂದು ಬಂದು, ಮುಂದೆ ಊರಿಗೆ ಮರಳುವ ಉದ್ದೇಶವಿರುವ ನಿನ್ನಂಥವರ ಮೇಲೆ ಜುಮಾ ಕಡ್ಡಾಯವೇ, ಆದರೆ ಆ ನಲವತ್ತರಲ್ಲಿ ನಿಮ್ಮ ತಲೆ ಎಣಿಕೆಗೆ ಬರುವುದಿಲ್ಲ. ಹಾಗಾಗಿ ಊರು ಬಿಟ್ಟು ಬಂದ ಹುಡುಗರು ಐವತ್ತು ಜನ ಕೂಡಿದರೂ ನಮ್ಮ ಪ್ರಕಾರ ಜುಮಾ ಆಗದು. ಹನಫಿಗಳಲ್ಲಿ ಇಮಾಮರ ಹೊರತು ಮೂರು ಜನ ಸಾಕು, ಆದರೆ ಅವರು ಇನ್ನೊಂದು ಷರತ್ತು ಇಡುತ್ತಾರೆ: ಬರುವವರಿಗೆಲ್ಲ ಬಾಗಿಲು ತೆರೆದಿರಬೇಕು. ಪಾಸ್ ಇಲ್ಲದೆ ಗೇಟು ದಾಟಲಾಗದ ಪ್ಲಾಂಟಿನಲ್ಲಿ ಅದೂ ತೊಡಕಿನ ವಿಷಯ. ಆದ್ದರಿಂದ ಮೀಟಿಂಗ್ ರೂಮಿನ ಯೋಚನೆ ಬಿಡು, ಮಸೀದಿಗೆ ಹೋಗುವ ದಾರಿ ಹುಡುಕು.

"ನಾನು ಪರವೂರಿನವ, ನನಗೆ ಮುಸಾಫಿರನ ರಿಯಾಯಿತಿ ಇಲ್ಲವೇ" ಎಂದು ಕೇಳುವವರಿದ್ದಾರೆ. ಇಲ್ಲ. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ಪೂರ್ಣ ದಿನ ನಿಲ್ಲುವ ನಿಯ್ಯತ್ ಮಾಡಿದವನು ನಮ್ಮಲ್ಲಿ ಮುಸಾಫಿರನಲ್ಲ. ರೂಮು ಬಾಡಿಗೆಗೆ ಹಿಡಿದವನ ವಿಷಯದಲ್ಲಿ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಸಮಯದ ಲೆಕ್ಕ. ಜುಮಾದ ಹೊತ್ತು ಆರಂಭವಾಗುವುದು ಸೂರ್ಯ ನೆತ್ತಿಯಿಂದ ಜಾರಿದ ಮೇಲೆ. ನೀನಿರುವ ಕಡೆ ಅದು ನವೆಂಬರ್ ಮೊದಲಲ್ಲಿ ಸುಮಾರು 12:20ಕ್ಕೆ, ಫೆಬ್ರವರಿ ನಡುವಿಗೆ ಸುಮಾರು 12:50ಕ್ಕೆ. ಮಂಗಳೂರಿಗಿಂತ ಆರೇಳು ನಿಮಿಷ ತಡ, ಏಕೆಂದರೆ ನೀನು ಇನ್ನಷ್ಟು ಪಶ್ಚಿಮಕ್ಕಿದ್ದೀ. ಹಾಗಾಗಿ ಊರಿನ ಕ್ಯಾಲೆಂಡರ್ ನೋಡಬೇಡ. ಮಸೀದಿಗಳು ಇದಕ್ಕಿಂತ ತಡವಾಗಿ ಗಡಿಯಾರದ ಹೊತ್ತು ಗೊತ್ತು ಮಾಡಿರುತ್ತವೆ, ಒಂದೊಂದರಲ್ಲಿ ಒಂದೊಂದು ಹೊತ್ತು. ರಜೆಯ ದಿನ ಬೈಕ್ ಹತ್ತಿ ಸುತ್ತಲಿನ ಎರಡು ಮೂರು ಮಸೀದಿಗಳ ಬೋರ್ಡಿನ ಫೋಟೋ ತೆಗೆದುಕೊಂಡು ಬಾ. ಬೋರ್ಡಿನಲ್ಲಿ ಬಯಾನ್, ಖುತ್ಬಾ, ಜಮಾಅತ್ ಎಂದು ಮೂರು ಹೊತ್ತು ಇದ್ದರೆ ನಿನಗೆ ಮುಖ್ಯವಾದುದು ಖುತ್ಬಾದ್ದು. ಮೊದಲಿನ ಉರ್ದು ಬಯಾನ್ ಉಪದೇಶ, ಅದು ಜುಮಾದ ಭಾಗವಲ್ಲ. ಎರಡನೇ ಬಾಂಗಿನ ನಂತರ ಮಿಂಬರಿನಿಂದ ಅರಬಿಯಲ್ಲಿ ನಡೆಯುವ ಎರಡು ಖುತ್ಬಾ, ನಡುವೆ ಇಮಾಮರು ಕ್ಷಣಹೊತ್ತು ಕೂರುವುದು, ಆಮೇಲೆ ಗಟ್ಟಿಯಾಗಿ ಓದುವ ಎರಡು ರಕಅತ್, ಇಷ್ಟು ಜುಮಾ. ಇಷ್ಟಕ್ಕೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ.

ಬೋರ್ಡಿನಲ್ಲಿ ಖುತ್ಬಾ 1:15, ಜಮಾಅತ್ 1:30 ಎಂದಿದೆ ಎಂದುಕೋ. ಹಿಂದಿನಿಂದ ಲೆಕ್ಕ ಹಾಕು. ಮಸೀದಿಯೊಳಗೆ 1:10ಕ್ಕೆ ಕೂತಿರಬೇಕು. ರಸ್ತೆಗೆ ಹದಿನೈದು ನಿಮಿಷ, ಏಕೆಂದರೆ ಆ ಹೊತ್ತಿಗೆ ಟ್ರಕ್ಕುಗಳ ಸಾಲಿರುತ್ತದೆ. ಗೇಟಿನಲ್ಲಿ ಪಾಸ್ ತೋರಿಸಿ ತಪಾಸಣೆ ಮುಗಿಸಲು ಐದು ನಿಮಿಷ. ಸೇಫ್ಟಿ ಶೂ ಕಳಚಿ, ಬಟ್ಟೆ ಬದಲಿಸಿ, ಪ್ಲಾಂಟಿನಲ್ಲೇ ವುಳೂ ಮಾಡಲು ಹತ್ತು ನಿಮಿಷ. ಮಸೀದಿಯ ನಲ್ಲಿಯ ಮುಂದೆ ಶುಕ್ರವಾರ ಸಾಲು ನಿಲ್ಲಬೇಕಾಗುತ್ತದೆ, ಖುತ್ಬಾ ಕೈತಪ್ಪುವುದು ಹೆಚ್ಚಾಗಿ ಅಲ್ಲೇ. ಅಂದರೆ 12:40ಕ್ಕೆ ಕೆಲಸ ಬಿಡಬೇಕು. ನಮಾಝ್ 1:38ರ ಸುಮಾರಿಗೆ ಮುಗಿದರೆ ಎರಡು ಗಂಟೆಗೆ ಮತ್ತೆ ಮೆಷಿನ್ ಮುಂದೆ ಇರಬಹುದು. ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಅರ್ಧ ಗಂಟೆಯ ಬಿಡುವು ಕಳೆದರೆ ಐವತ್ತು ನಿಮಿಷ ಕೇಳಬೇಕು. ಅದನ್ನು ಶುಕ್ರವಾರ ಮಧ್ಯಾಹ್ನ ಅವಸರದಲ್ಲಿ ಕೇಳಬೇಡ. ಸೋಮವಾರವೋ ಮಂಗಳವಾರವೋ ಸೂಪರ್‌ವೈಸರ್ ಬಳಿ ಕೂತು, ಆ ಐವತ್ತು ನಿಮಿಷವನ್ನು ಸಂಜೆ ಯಾವಾಗ ತುಂಬಿಸಿ ಕೊಡುತ್ತೀ, ಆ ಹೊತ್ತಿನಲ್ಲಿ ನಿನ್ನ ಮೆಷಿನ್ ಯಾರು ನೋಡುತ್ತಾರೆ ಎಂದು ಹೆಸರು ಸಮೇತ ಬರೆದು ಕೊಡು. "ಒಂದು ಹತ್ತು ನಿಮಿಷ ಸಾರ್" ಎಂದು ಹೇಳಿ ಗಂಟೆ ಕಳೆದು ಬರುವವರಿಂದಲೇ ಉಳಿದವರಿಗೂ ಅನುಮತಿ ತಪ್ಪುತ್ತದೆ. ಡಬ್ಬಿ ಊಟ ಹಿಂತಿರುಗಿದ ಮೇಲೆ ಮಾಡು. ಜುಮಾದ ನಂತರದ ಸುನ್ನತ್ ನಮಾಝನ್ನು ಅಲ್ಲೇ ಮಾಡಬೇಕೆಂದಿಲ್ಲ, ಪ್ಲಾಂಟಿಗೆ ಬಂದೂ ಮಾಡಬಹುದು.

ತಡವಾದರೆ ಏನು ಮಾಡಬೇಕೆಂಬುದು ಸರಿಯಾಗಿ ತಿಳಿದಿರಲಿ. ಖುತ್ಬಾ ನಡೆಯುತ್ತಿರುವಾಗ ಒಳಬಂದರೆ ಎರಡು ರಕಅತ್ ಚುಟುಕಾಗಿ ಮುಗಿಸಿ ಕೂರು, ಅದು ನಮ್ಮ ಕ್ರಮ. ಹನಫಿಗಳು ಆಗ ನಮಾಝ್ ಮಾಡುವುದಿಲ್ಲ, ಯಾರಾದರೂ ಸನ್ನೆ ಮಾಡಿ ತಡೆದರೆ ವಾದಕ್ಕೆ ನಿಲ್ಲದೆ ಕೂತುಬಿಡು. ಹೆಗಲು ದಾಟಿ ಮುಂದೆ ಹೋಗಬೇಡ. ಪಕ್ಕದವನು ಮಾತಾಡಿದರೂ "ಸುಮ್ಮನಿರು" ಎನ್ನಬೇಡ, ಹಾಗೆನ್ನುವುದೂ ವ್ಯರ್ಥ ಮಾತೇ ಎಂದು ಹದೀಸಿನಲ್ಲಿದೆ. ಖುತ್ಬಾ ಪೂರ್ತಿ ತಪ್ಪಿದರೂ ನಮಾಝ್ ಸಿಕ್ಕರೆ ನಿನ್ನ ಜುಮಾ ಆಗುತ್ತದೆ. ಎರಡನೇ ರಕಅತಿನ ರುಕೂವಿನಲ್ಲಿ ಇಮಾಮರೊಂದಿಗೆ ಬಾಗಿ ಸ್ಥಿರವಾಗಿ ನಿಂತೆಯಾದರೆ ಆ ರಕಅತ್ ಸಿಕ್ಕಿತು. ಸಲಾಂ ಆದ ಮೇಲೆ ಎದ್ದು ಇನ್ನೊಂದು ಮಾಡು. ಅವರು ರುಕೂವಿನಿಂದ ತಲೆ ಎತ್ತಿದ ಮೇಲೆ ನೀನು ಬಂದರೆ ಜುಮಾ ತಪ್ಪಿತು. ಆಗಲೂ ಜುಮಾದ ನಿಯ್ಯತ್ತಿನಲ್ಲೇ ಸೇರಿಕೋ, ಆದರೆ ಎದ್ದು ಎಂದಿನ ಮಧ್ಯಾಹ್ನದ ನಮಾಝಾದ ಲುಹರನ್ನು ನಾಲ್ಕು ರಕಅತ್ ಪೂರ್ಣಗೊಳಿಸು. ಪಕ್ಕದ ಹನಫಿ ಅತ್ತಹಿಯ್ಯಾತಿನಲ್ಲಿ ಸೇರಿಯೂ ಎರಡೇ ಮಾಡಿ ಎದ್ದರೆ ಗೊಂದಲ ಬೇಡ, ಅವರ ಮದ್‌ಹಬಿನಲ್ಲಿ ಅದು ಸರಿ.

ಇನ್ನೊಂದು ಸೂಕ್ಷ್ಮ. ನಮಗೆ ಇಮಾಮರ ಹಿಂದೆಯೂ ಫಾತಿಹಾ ಓದುವುದು ಕಡ್ಡಾಯ. ಊರಿನ ಪಳ್ಳಿಯಲ್ಲಿ ಆಮೀನ್ ಆದ ಮೇಲೆ ಉಸ್ತಾದರು ನಮಗಾಗಿ ಸ್ವಲ್ಪ ಸುಮ್ಮನಿರುತ್ತಾರೆ. ಹನಫಿ ಇಮಾಮರು ಹಾಗೆ ನಿಲ್ಲದೆ ಮುಂದಿನ ಸೂರಾ ಶುರುಮಾಡುತ್ತಾರೆ. ಅದು ಚಿಕ್ಕದಾದರೆ ನಿನ್ನ ಫಾತಿಹಾ ಮುಗಿಯುವ ಮೊದಲೇ ಅವರು ರುಕೂವಿಗೆ ಹೋಗಿರುತ್ತಾರೆ. ಆದ್ದರಿಂದ ಆಮೀನ್ ಹೇಳಿದ ಕೂಡಲೇ ಮೆಲ್ಲಗೆ ಆರಂಭಿಸಿಬಿಡು. ರಾಯಗಡ ಕಡೆಯ ಕೊಂಕಣಿ ಮುಸ್ಲಿಮರು ನಮ್ಮಂತೆಯೇ ಶಾಫಿಗಳು. ಅವರ ಮಸೀದಿ ದಾರಿಯಲ್ಲಿ ಸಿಕ್ಕರೆ ಈ ಚಿಂತೆಯೂ ಇರುವುದಿಲ್ಲ.

ಬಿಟ್ಟುಬರಲಾಗದ ದಿನವೂ ಇರುತ್ತದೆ. ನೀನು ಬಾಯ್ಲರ್ ನೋಡುತ್ತಿದ್ದು, ಬದಲಿ ಆಳು ಬಾರದೆ, ಬಿಟ್ಟರೆ ಜೀವಕ್ಕೋ ಸೊತ್ತಿಗೋ ಅಪಾಯ ಎಂದಾದರೆ ಅದು ಒಪ್ಪುವ ಕಾರಣ. ಬಟ್ಟೆ ತೊಯ್ದು ಹೋಗುವಂಥ ಜುಲೈ ಮಳೆಯೂ ಕಾರಣವೇ. ಆಗ ನಾಲ್ಕು ರಕಅತ್ ಲುಹರ್ ಮಾಡು. ಬದಲಿಯವನು ಬರುವ ಆಸೆ ಇದ್ದರೆ, ಜುಮಾ ಸಿಗದೆಂದು ಖಚಿತವಾಗುವ ತನಕ ಕಾಯುವುದು ಒಳ್ಳೆಯದು. ಕಾರಣವಿಲ್ಲದೆ ಹೋಗದವನು ಇಮಾಮರು ಸಲಾಂ ಹೇಳುವ ಮೊದಲು ಲುಹರ್ ಮಾಡಿದರೆ ಅದು ಸಿಂಧುವಲ್ಲ. ಊಟದ ಬಿಡುವು ಚಿಕ್ಕದು, ಇಂದು ಸುಸ್ತಾಗಿದೆ ಎಂಬುದು ಕಾರಣವಲ್ಲ. ಪ್ರತಿವಾರವೂ ಅನುಮತಿ ಸಿಗದೆ ಹೋದರೆ ಶಿಫ್ಟ್ ಬದಲಿಸಿ ಕೊಡಲು ಕೇಳು. ಮೂರು ಗಂಟೆಗೆ ಶುರುವಾಗುವ ಶಿಫ್ಟಿನವರಿಗೆ ಈ ಕಷ್ಟವಿಲ್ಲ.

ಶುಕ್ರವಾರ ಊರಿಗೆ ಹೊರಡುವುದಾದರೆ ಫಜರ್ ಬಾಂಗಿಗೆ ಮೊದಲೇ ಹೊರಟಿರು, ಇಲ್ಲವೇ ಜುಮಾ ಮುಗಿಸಿ ಹೊರಡು. ಫಜರ್ ಆದ ಮೇಲೆ ಹೊರಟು ದಾರಿಯಲ್ಲಿ ಜುಮಾ ತಪ್ಪಿಸಿಕೊಳ್ಳುವುದು ನಮ್ಮಲ್ಲಿ ನಿಷಿದ್ಧ. ಮತ್ಸ್ಯಗಂಧ ರೈಲು ಕುರ್ಲಾದಿಂದ ಮಧ್ಯಾಹ್ನ ಮೂರರ ನಂತರ ಹೊರಡುತ್ತದೆ. ಜುಮಾ ಮುಗಿಸಿ ಪನ್ವೇಲ್‌ನಲ್ಲಿ ಹತ್ತಲು ನಿನಗೆ ಸಾಕಷ್ಟು ಸಮಯವಿದೆ.

ಇತಿ ನಿನ್ನ ಮಾಮ