ಭಾನುವಾರದ ತರಗತಿಗೆ ಮುನ್ನ: ಫಾರ್ವರ್ಡ್ ದರದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಬಡ್ಡಿದರಗಳ ಅವಧಿ ರಚನೆಯ ಪಾಠವಿದೆ. ಬರುವವರೆಲ್ಲ ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿಕೊಂಡು ಬನ್ನಿ.

ಒಂದು ವರ್ಷದ ಸ್ಪಾಟ್ ದರ ಶೇ 6, ಎರಡು ವರ್ಷದ್ದು ಶೇ 7 ಎಂದುಕೊಳ್ಳಿ. ₹100 ಎರಡು ವರ್ಷ ಕೂತರೆ ₹114.49 ಆಗುತ್ತದೆ, ಒಂದೇ ವರ್ಷಕ್ಕಾದರೆ ₹106. ಎರಡನೆಯ ವರ್ಷದಲ್ಲಿ ₹106 ಎಷ್ಟು ಬಡ್ಡಿ ದುಡಿದರೆ ₹114.49 ಆದೀತು? ಅದೇ ಫಾರ್ವರ್ಡ್ ದರ:

```
1.07² / 1.06 − 1 = 8.01%
```

ಕಳೆದ ವಾರ ಹಲವರು ಸ್ಪಾಟ್ ದರದ ಜಾಗದಲ್ಲಿ ಕೂಪನ್ ಬಾಂಡ್‌ನ ಇಳುವರಿ ಹಾಕಿದ್ದಿರಿ. (ನಾನೂ ಮೊದಲ ಸಲ ಎಡವಿದ್ದು ಅಲ್ಲೇ.) ಇವೇ ಸ್ಪಾಟ್ ದರಗಳಿದ್ದಾಗ, ಮುಖಬೆಲೆಗೆ ಮಾರಾಟವಾಗುವ ಎರಡು ವರ್ಷದ ಬಾಂಡ್‌ನ ಇಳುವರಿ ಸುಮಾರು ಶೇ 6.966. ಅದನ್ನು ಹಾಕಿದರೆ ಉತ್ತರ ಶೇ 7.94ಕ್ಕೆ ಇಳಿಯುತ್ತದೆ. ಮೊದಲ ವರ್ಷವೇ ಕೈಗೆ ಬರುವ ಕೂಪನ್‌ಗೆ ಶೇ 6ರ ದರವೇ ಸಲ್ಲುವುದರಿಂದ ಈ ವ್ಯತ್ಯಾಸ.

ಶುದ್ಧ ನಿರೀಕ್ಷಾ ಸಿದ್ಧಾಂತದ ಪ್ರಕಾರ, ಮುಂದಿನ ವರ್ಷ ಒಂದು ವರ್ಷದ ದರ ಶೇ 8.01 ಆಗಬಹುದೆಂದು ಮಾರುಕಟ್ಟೆ ಎಣಿಸಿದೆ. ನನಗೆ ಇದು ಅರ್ಧ ಮಾತು. ದೀರ್ಘಾವಧಿಯ ಅಪಾಯಕ್ಕೆ ಹೂಡಿಕೆದಾರರು ಅರ್ಧ ಶೇಕಡಾಂಶ ಹೆಚ್ಚು ಕೇಳಿದ್ದರೆ, ನಿಜವಾದ ನಿರೀಕ್ಷೆ ಶೇ 7.51 ಮಾತ್ರ. ದರಗಳನ್ನಷ್ಟೇ ನೋಡಿ ಈ ಎರಡನ್ನು ಬೇರ್ಪಡಿಸಲಾಗದು.

ಮೂರು ವರ್ಷದ ಸ್ಪಾಟ್ ದರ ಶೇ 7.5 ಆದರೆ ಮೂರನೆಯ ವರ್ಷದ ಫಾರ್ವರ್ಡ್ ದರ ಎಷ್ಟು? ಉತ್ತರವನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ, ಬರಲಾಗದವರೂ ತಿಳಿಸಿ.