ಹೆಸರು ಕೊನೆಗೆ

ರಾತ್ರಿ ಹನ್ನೊಂದೂವರೆ ಆಗಿದೆ. ಬೆಳಿಗ್ಗೆ ಸುದ್ದಿಪತ್ರ ಹೋಗಬೇಕು, ಈ ಪುಟ ಮಾತ್ರ ಖಾಲಿ ಉಳಿದಿದೆ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ವರದಿ, ಫೋಟೊಗಳು ಒಳಗಿನ ಪುಟಗಳಲ್ಲಿವೆ. ಅಲ್ಲಿ ಬಾರದ ಒಂದು ವಿಷಯವನ್ನು ಇಲ್ಲಿ ಬರೆಯುತ್ತೇನೆ. ದಿಕ್ಸೂಚಿ ಭಾಷಣಕ್ಕೆ ಮೊದಲು ಅತಿಥಿಯನ್ನು ಪರಿಚಯಿಸುವ ಆ ಎರಡು ನಿಮಿಷದ ವಿಷಯ.

ಹೋದ ವರ್ಷ ಪರಿಚಯ ಮಾಡಿದ್ದು ನಾನೇ. ಅತಿಥಿ ಕಳಿಸಿದ್ದ ಎರಡು ಪುಟದ ಪರಿಚಯವನ್ನು ಒಂದು ಸಾಲೂ ಬಿಡದೆ ಓದಿದೆ. ಹುಟ್ಟಿದ್ದು, ಓದಿದ್ದು, ಪದವಿ, ಹುದ್ದೆ, ಪ್ರಶಸ್ತಿ, ಸಮಿತಿಗಳು. ಒಂಬತ್ತು ನಿಮಿಷ ಆಯಿತು. ಮೂರನೇ ಪ್ರಶಸ್ತಿಯ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಫೋನ್‌ಗಳು ಹೊರಗೆ ಬಂದವು. ವೇದಿಕೆಯ ಮೇಲೆ ಅತಿಥಿ ತಲೆ ತಗ್ಗಿಸಿ ಕೂತಿದ್ದರು, ಕೈಯಲ್ಲಿದ್ದ ಕಾಗದ ಮಡಚುತ್ತಾ, ಬಿಡಿಸುತ್ತಾ. ಸಮಯ ಮೀರಿತ್ತಲ್ಲ, ಅವರು ತಮ್ಮ ಭಾಷಣದಿಂದ ಒಂದು ಭಾಗವನ್ನೇ ಕೈಬಿಟ್ಟರು. ಅಪರೂಪಕ್ಕೆ ಒಂದು ಗಂಟೆ ನಮ್ಮ ಭಾಷೆಯಲ್ಲಿ ಒಳ್ಳೆಯ ಮಾತು ಕೇಳೋಣ ಅಂತ ನಾವೆಲ್ಲ ಎಷ್ಟು ದೂರದಿಂದ ಬರುತ್ತೇವೆ ಅನ್ನುವುದು ನಿಮಗೇ ಗೊತ್ತು. ಆ ಗಂಟೆಯಲ್ಲಿ ಒಂಬತ್ತು ನಿಮಿಷ ನಾನು ತಿಂದಿದ್ದೆ. ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಪ್ಪಾ, ಅವರು ಮಾಡಿದ್ದನ್ನೆಲ್ಲಾ ನೀನೇ ಹೇಳಿಬಿಟ್ಟೆ. ಆಮೇಲೆ ಅವರು ಯಾಕೆ ಮಾತಾಡಿದ್ರು?"

ಈ ಮಾತು ವರ್ಷಪೂರ್ತಿ ನನ್ನ ಜೊತೆಗಿತ್ತು. ಅವಳು ಹೇಳಿದ್ದು ಸರಿ. ಪರಿಚಯ ಕೇಳಿದವರಿಗೆ ಅತಿಥಿ ದೊಡ್ಡವರು ಅಂತ ಗೊತ್ತಾಗಿತ್ತು, ಅವರ ಮಾತು ಕೇಳಬೇಕು ಅಂತ ಅನ್ನಿಸಿರಲಿಲ್ಲ. ಕುತೂಹಲದ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಬರೆದದ್ದನ್ನು ಆಮೇಲೆ ಓದಿದೆ. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಂದು ಕಂಡಾಗ ಕುತೂಹಲ ಹುಟ್ಟುತ್ತದೆ ಅನ್ನುವುದು ಅವರ ವಾದ. ಏನೂ ಗೊತ್ತಿಲ್ಲದವರಿಗೆ ಆ ಸಂದು ಕಾಣುವುದಿಲ್ಲ. ಎಲ್ಲಾ ಹೇಳಿಬಿಟ್ಟರೆ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಪರಿಚಯ ಮಾಡುವವರು ಸ್ವಲ್ಪ ಹೇಳಬೇಕು, ಮುಖ್ಯವಾದ ಒಂದನ್ನು ಉಳಿಸಬೇಕು.

ಈ ಸಲದ ಅತಿಥಿ ಕಾಲುಸೇತುವೆಗಳ ಕಂಪನ ಅಳೆಯುವ ಇಂಜಿನಿಯರ್. ಹತ್ತು ದಿನ ಮೊದಲೇ ಫೋನ್ ಮಾಡಿದೆ. ಪರಿಚಯದ ಪುಟ ಕೇಳಲಿಲ್ಲ. ಕೇಳಿದ್ದು ನಾಲ್ಕೇ ಪ್ರಶ್ನೆ. ಹೆಸರನ್ನು ಹೇಗೆ ಉಚ್ಚರಿಸಬೇಕು? ನಿಮ್ಮ ಭಾಷಣ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಆ ಪ್ರಶ್ನೆ ನಿಮಗೆ ಹೇಗೆ ಗಂಟುಬಿತ್ತು? ನಾನು ಯಾವುದನ್ನು ಹೇಳಬಾರದು? ಕೊನೆಯದನ್ನು ಮರೆಯಬೇಡಿ. ಅವರು ಯಾವ ಕಥೆಯಿಂದ ಶುರು ಮಾಡುತ್ತಾರೋ ಅದನ್ನೇ ನಾವು ಮೊದಲು ಹೇಳಿಬಿಟ್ಟರೆ, ಪಾಪ, ಅವರು ಎದ್ದು ನಿಂತು ಏನು ಹೇಳಬೇಕು?

ಆದರೂ ಮೊದಲ ಕರಡಿನಲ್ಲಿ ಎಡವಿದೆ. "ಲಂಡನ್ನಿನ ಮಿಲೇನಿಯಂ ಸೇತುವೆ ಜನರ ಹೆಜ್ಜೆಗೇ ಅತ್ತಿತ್ತ ತೂಗಾಡಿತು, ಅದರ ಬಗ್ಗೆ ಇವತ್ತು ಕೇಳೋಣ" ಅಂತ ಬರೆದಿದ್ದೆ. ಫೋನಿನಲ್ಲಿ ಓದಿದಾಗ ಅತಿಥಿ ಮೆಲ್ಲಗೆ ಹೇಳಿದರು, "ಹೆಜ್ಜೆ ಅನ್ನುವ ಮಾತಿಗೆ ನಾನು ಬರುವುದು ಇಪ್ಪತ್ತನೇ ನಿಮಿಷಕ್ಕೆ." ಒಂದು ಪದದಲ್ಲಿ ಉತ್ತರ ಕೊಟ್ಟುಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ ಮತ್ತೆ ಬರೆದೆ. ವೇದಿಕೆಯಲ್ಲಿ ಓದಿದ್ದು ಇಷ್ಟು:

"2000ನೇ ಇಸವಿ ಜೂನ್ 10. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ನಡೆದುಹೋಗುವವರಿಗಾಗಿ ಹೊಸ ಸೇತುವೆ ತೆರೆಯಿತು. ಉಕ್ಕಿನ ಸೇತುವೆ. ಲೆಕ್ಕಗಳೆಲ್ಲ ಆಗಿದ್ದವು. ಮೊದಲ ದಿನವೇ ಅದು ಅತ್ತಿತ್ತ ತೂಗಾಡತೊಡಗಿತು. ಜನ ಕಂಬಿ ಹಿಡಿದುಕೊಂಡು ನಿಂತರು. ಎರಡೇ ದಿನಕ್ಕೆ ಮುಚ್ಚಿದರು. ಮತ್ತೆ ತೆರೆದದ್ದು 2002ರಲ್ಲಿ. ತೂಗಾಡಿಸಿದ್ದು ಗಾಳಿ ಅಲ್ಲ. ಉಕ್ಕು ಸೋತಿರಲಿಲ್ಲ. ಹಾಗಾದರೆ ಏನು? ನಾವೂ ದಿನಾ ಇಂಥ ಸೇತುವೆಗಳ ಮೇಲೆ ಮಕ್ಕಳ ಕೈ ಹಿಡಿದು ನಡೆಯುತ್ತೇವೆ. ಈ ಪ್ರಶ್ನೆ ಕಾಲೇಜಿನಲ್ಲಿದ್ದಾಗಲೇ ನಮ್ಮ ಅತಿಥಿಗೆ ಗಂಟುಬಿತ್ತು. ಅಂದಿನಿಂದ ಅವರು ಸೇತುವೆಗಳ ನಟ್ಟನಡುವೆ ನಿಂತು ಅವುಗಳ ನಡುಕ ಅಳೆಯುತ್ತಿದ್ದಾರೆ. ಇವತ್ತಿನ ಮಾತು, 'ಸೇತುವೆ ಯಾಕೆ ನಡುಗಿತು?' ದಯವಿಟ್ಟು ಬರಮಾಡಿಕೊಳ್ಳಿ."

ಇದಾದ ಮೇಲೆ ಅವರ ಹೆಸರು, ಜೋರಾಗಿ, ಸಭೆಯ ಕಡೆ ನೋಡುತ್ತಾ. ಹೆಸರು ಕೊನೆಗೆ ಬಂದರೆ ಚಪ್ಪಾಳೆ ಯಾವಾಗ ಅಂತ ಯಾರಿಗೂ ಅನುಮಾನ ಇರುವುದಿಲ್ಲ, ಅತಿಥಿಯೂ ಅದೇ ಚಪ್ಪಾಳೆಯಲ್ಲಿ ಮೈಕಿನ ತನಕ ನಡೆದು ಬರುತ್ತಾರೆ. ಆಮೇಲೆ ನಾವು ಮತ್ತೇನೂ ಸೇರಿಸಬಾರದು.

ವೇದಿಕೆಯ ಮೇಲೆ ನಾನು ನಿಮಿಷಕ್ಕೆ ಸುಮಾರು ಎಂಬತ್ತು ಪದ ಓದುತ್ತೇನೆ. ಇದಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯಿತು. "ಹಾಗಾದರೆ ಏನು?" ಅಂದ ಮೇಲೆ ಬೇಕಂತಲೇ ಮೂರು ಸೆಕೆಂಡ್ ಸುಮ್ಮನಿದ್ದೆ. ಎರಡು ನಿಮಿಷ ಸಿಕ್ಕಿದೆ ಅಂತ ಎರಡು ನಿಮಿಷಕ್ಕೂ ಬರೆಯಬೇಡಿ. ನಡೆದು ಬರುವುದು, ಮೈಕ್ ಸರಿಮಾಡುವುದು, ಚಪ್ಪಾಳೆ, ಇವೆಲ್ಲ ಅದರಲ್ಲೇ ಸೇರಬೇಕು.

ಪ್ರಶಸ್ತಿಗಳನ್ನು ಓದದಿದ್ದರೆ ಅತಿಥಿಗೆ ಅಗೌರವ ಅಲ್ವಾ ಅಂತ ಹಿರಿಯ ಸದಸ್ಯರೊಬ್ಬರು ಬೇಸರಪಟ್ಟರು. ಅವರ ಮಾತಿಗೆ ಬೆಲೆ ಇದೆ. ಅದಕ್ಕೇ ಪೂರ್ತಿ ವಿವರವನ್ನು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸಿದೆವು, ಸನ್ಮಾನದ ಹೊತ್ತಿಗೆ ಓದಿದೆವು. ಅಷ್ಟರಲ್ಲಿ ಭಾಷಣ ಕೇಳಿ ಆಗಿತ್ತು. ಆ ಪ್ರಶಸ್ತಿಗಳು ಯಾವ ಕೆಲಸಕ್ಕೆ ಬಂದವು ಅಂತ ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಪರಿಚಯದಲ್ಲಿ ಮಾತ್ರ, ಈ ಪ್ರಶ್ನೆಗೆ ಇವರೇ ಯಾಕೆ ಅನ್ನುವುದನ್ನು ತೋರಿಸುವ ಒಂದೇ ವಿವರ ಸಾಕು. "ತುಂಬಾ ನಗಿಸುತ್ತಾರೆ", "ಅದ್ಭುತವಾಗಿ ಮಾತಾಡುತ್ತಾರೆ" ಅಂತ ಹೊಗಳುವುದೂ ಬೇಡ. ಆ ಭಾರ ಅತಿಥಿಯ ಹೆಗಲಿಗೇ ಬೀಳುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಹಿಂದಿನ ರಾತ್ರಿ ಮಗಳನ್ನು ಕೂರಿಸಿಕೊಂಡು ಓದಿದೆ. ಕೇಳಿದವರು "ದೊಡ್ಡ ಮನುಷ್ಯರು" ಅಂದರೆ ಮತ್ತೆ ಬರೆಯಬೇಕು. ಅವರೇ ತಿರುಗಿ ಪ್ರಶ್ನೆ ಕೇಳಿದರೆ ಪರಿಚಯ ಆಯಿತು ಅಂತ ಲೆಕ್ಕ. ಅವಳು ಹಾಸಿಗೆಯಲ್ಲಿ ಎದ್ದು ಕೂತಳು. "ಗಾಳಿ ಅಲ್ಲ ಅಂದ್ರೆ ಮತ್ತೇನಪ್ಪಾ?" ನಾಳೆ ಅವರೇ ಹೇಳ್ತಾರೆ ಅಂದೆ. ಮಾರನೇ ದಿನ ಬಂದು ಮೊದಲ ಸಾಲಿನಲ್ಲಿ ಕೂತಳು.

ಇನ್ನು ಸೂಚನೆಗಳು, ಜಾಗ ಕಮ್ಮಿ ಇದೆ: ಮಕ್ಕಳ ಕನ್ನಡ ತರಗತಿ ಈ ತಿಂಗಳಿಂದ ಶನಿವಾರದ ಬದಲು ಭಾನುವಾರ. ಸಂಘದ ಗ್ರಂಥಾಲಯದ ಪುಸ್ತಕ ಇಟ್ಟುಕೊಂಡವರು ದಯವಿಟ್ಟು ಸರ್ವಸದಸ್ಯರ ಸಭೆಗೆ ತನ್ನಿ. ಸದಸ್ಯತ್ವ ನವೀಕರಣ ತಿಂಗಳ ಕೊನೆಯ ತನಕ. ನಾಟಕಕ್ಕೆ ಹೆಸರು ಕೊಟ್ಟವರು ಮೊದಲ ಓದಿಗೆ ತಪ್ಪದೆ ಬನ್ನಿ.

ಮುಂದಿನ ಅತಿಥಿ ನಾಲ್ಕು ತಿಂಗಳಿಗೆ ಬರುತ್ತಾರೆ. ಪರಿಚಯ ಬೇರೆ ಯಾರಾದರೂ ಮಾಡಬೇಕು. ಸುದ್ದಿಪತ್ರ, ವೇದಿಕೆ ಎರಡೂ ನನ್ನ ಒಬ್ಬನಿಂದ ಆಗುತ್ತಿಲ್ಲ. ವೇದಿಕೆ ಹತ್ತಿ ಅಭ್ಯಾಸ ಇಲ್ಲದಿದ್ದರೂ ಬನ್ನಿ, ಫೋನ್ ಮಾಡುವಾಗ ನಾನೂ ಜೊತೆಗೆ ಕೂರುತ್ತೇನೆ. ನಾಲ್ಕು ಪ್ರಶ್ನೆಗಳ ಚೀಟಿ ನನ್ನ ಹತ್ತಿರವೇ ಇದೆ.