ಶಾಲಾ ದಾಖಲೆಯಲ್ಲಿ ತಪ್ಪಾದ ಜನ್ಮದಿನಾಂಕ: ಅರ್ಜಿಯನ್ನು ಒಂದನೇ ತರಗತಿಯಲ್ಲೇ ಕೊಡಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ದಾಖಲಾತಿ ಬಂದ ಮೇಲೆ ಮಕ್ಕಳ ಹುಟ್ಟಿದ ದಿನಾಂಕದಲ್ಲಿ ಒಂದು ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಅದನ್ನು ತಿದ್ದಿಸಲು ಶಾಲೆಗೆ ಕೊಡುವ ಅರ್ಜಿ ಅರೆಬರೆಯಾಗಿರುವುದರಿಂದ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಪೋಷಕರಿಗೂ ಇಲಾಖೆಗೂ ತಿಳಿಯಲೆಂದು ಈ ಪತ್ರ.

ತಪ್ಪು ಹೆಚ್ಚಾಗಿ ದಿನ ಮತ್ತು ತಿಂಗಳು ಅದಲುಬದಲಾಗುವುದರಿಂದ ಆಗುತ್ತದೆ. ಮಗು ಹುಟ್ಟಿದ್ದು 25ನೇ ತಾರೀಖು ಆಗಿದ್ದರೆ ಅದು ತಿಂಗಳ ಜಾಗಕ್ಕೆ ಹೋಗುವುದಿಲ್ಲ, ಕಂಪ್ಯೂಟರ್ ಒಪ್ಪುವುದಿಲ್ಲ. ಆದರೆ 1ರಿಂದ 12ರವರೆಗಿನ ತಾರೀಖುಗಳಲ್ಲಿ ಹುಟ್ಟಿದವರ ದಿನಾಂಕ ಹಿಂದುಮುಂದಾದರೂ ಅದೂ ಸರಿಯಾದ ದಿನಾಂಕದಂತೆಯೇ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ನೋಂದಣಿ ಮಾಡಿದ ದಿನಾಂಕ, ಪತ್ರ ನೀಡಿದ ದಿನಾಂಕ ಕೂಡ ಇರುತ್ತವೆ. ಸೈಬರ್ ಸೆಂಟರಿನ ಗಡಿಬಿಡಿಯಲ್ಲಿ ಇವುಗಳಲ್ಲೊಂದನ್ನು ನೋಡಿ ತುಂಬಿಬಿಡುತ್ತಾರೆ.

ಒಂದು ಉದಾಹರಣೆ ನೋಡೋಣ. ಮಗು ಹುಟ್ಟಿದ್ದು 08-03-2019, ಅಂದರೆ ಮಾರ್ಚ್ 8. ಅರ್ಜಿಯಲ್ಲಿ ಬಿದ್ದದ್ದು 03-08-2019, ಆಗಸ್ಟ್ 3. 2025ರ ಜೂನ್ 1ಕ್ಕೆ ಮಗುವಿನ ನಿಜವಾದ ವಯಸ್ಸು 6 ವರ್ಷ 2 ತಿಂಗಳು 24 ದಿನ. ತಪ್ಪು ದಿನಾಂಕದ ಪ್ರಕಾರ 5 ವರ್ಷ 9 ತಿಂಗಳು 29 ದಿನ. ಆ ಸಾಲಿಗೆ ಒಂದನೇ ತರಗತಿಗೆ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರಿಂದ ಎರಡೂ ದಿನಾಂಕಕ್ಕೆ ದಾಖಲಾತಿ ಸಿಗುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಡುವ ಗುರುತಿನ ಸಂಖ್ಯೆಯಾದ ಅಪಾರ್ ಐಡಿ ಮಾಡಿಸುವಾಗ ಶಾಲೆಯ ದಾಖಲೆ ಆಧಾರ್ ಜೊತೆ ಹೊಂದುವುದಿಲ್ಲ ಎಂದು ಬಂದಾಗಲೇ ತಪ್ಪು ಹೊರಗೆ ಬೀಳುತ್ತದೆ.

ಆಗ ಕೆಲವರು ಕೊಡುವ ಸಲಹೆ, 'ಆಧಾರ್‌ನಲ್ಲೇ ಬದಲಿಸಿಬಿಡಿ, ಅದು ಬೇಗ ಆಗುತ್ತದೆ' ಎಂಬುದು. ದಯವಿಟ್ಟು ಹಾಗೆ ಮಾಡಬೇಡಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಸರಿಯಿದ್ದದ್ದನ್ನು ತಪ್ಪಿಗೆ ಹೊಂದಿಸಲು ಅದನ್ನು ಖರ್ಚು ಮಾಡಿದರೆ ಜನನ ಪ್ರಮಾಣಪತ್ರ ಒಂದು ಹೇಳುತ್ತದೆ, ಉಳಿದೆಲ್ಲ ಇನ್ನೊಂದು ಹೇಳುತ್ತವೆ. ಆಧಾರ್ ಗುರುತಿನ ದಾಖಲೆಯೇ ಹೊರತು ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ ಹೇಳಿದೆ. ಮೂಲ ದಾಖಲೆ ಜನನ ಪ್ರಮಾಣಪತ್ರ. ಉಳಿದವೆಲ್ಲ ಅದಕ್ಕೆ ಹೊಂದಬೇಕು.

ಅರ್ಜಿ ಬರೆಯುವ ಮೊದಲು ಜನನ ಪ್ರಮಾಣಪತ್ರ, ಆನ್‌ಲೈನ್ ಅರ್ಜಿಯ ಮುದ್ರಿತ ಪ್ರತಿ ಮತ್ತು ಶಾಲೆಯ ದಾಖಲಾತಿ ವಹಿಯ ನಮೂದು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಪ್ಪು ಎಲ್ಲಿ ಹುಟ್ಟಿತು ಎಂದು ಆಗ ಗೊತ್ತಾಗುತ್ತದೆ. ಜನನ ಪ್ರಮಾಣಪತ್ರದಲ್ಲೇ ತಪ್ಪಿದ್ದರೆ ಶಾಲೆ ಏನೂ ಮಾಡಲಾಗದು. ಮೊದಲು ಜನನ-ಮರಣ ನೋಂದಣಾಧಿಕಾರಿಗೆ 1969ರ ಕಾಯ್ದೆಯ 15ನೇ ಸೆಕ್ಷನ್ ಅಡಿ ಅರ್ಜಿ ಕೊಡಬೇಕು. ಅರ್ಜಿ ತುಂಬುವಾಗ ಆದ ತಪ್ಪಾದರೆ, ಅದನ್ನು ಅರ್ಜಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯುವುದೇ ಒಳ್ಳೆಯದು. ಇದು ಬರವಣಿಗೆಯ ತಪ್ಪು, ವಯಸ್ಸು ಕಡಿಮೆ ಮಾಡಿಸಿಕೊಳ್ಳುವ ಯತ್ನವಲ್ಲ ಎಂದು ಮುಖ್ಯ ಶಿಕ್ಷಕರಿಗೆ ಮನವರಿಕೆಯಾಗಬೇಕು. ಅವರ ಮುಖ್ಯ ಅಂಜಿಕೆ ಅದೇ, ಮತ್ತು ಆ ಅಂಜಿಕೆ ನ್ಯಾಯವಾದದ್ದು.

ಮೇಲಿನ ಉದಾಹರಣೆಗೆ ಅರ್ಜಿ ಹೇಗಿರಬಹುದೆಂದು ಕೆಳಗೆ ಕೊಟ್ಟಿದ್ದೇನೆ. ಅದರಲ್ಲಿ ಬರುವ ಸ್ಯಾಟ್ಸ್ ಎಂದರೆ ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ, ಯುಡೈಸ್ ಎಂದರೆ ಕೇಂದ್ರ ಸರ್ಕಾರದ್ದು:

'ಗೆ, ಮುಖ್ಯ ಶಿಕ್ಷಕರು, (ಶಾಲೆಯ ಹೆಸರು, ಊರು).

ವಿಷಯ: ನನ್ನ ಮಗಳ ಜನ್ಮದಿನಾಂಕವನ್ನು ಜನನ ಪ್ರಮಾಣಪತ್ರದಂತೆ ತಿದ್ದುಪಡಿ ಮಾಡುವ ಬಗ್ಗೆ.

ಮಾನ್ಯರೇ, ನನ್ನ ಮಗಳು (ಹೆಸರು) 2025-26ನೇ ಸಾಲಿನಲ್ಲಿ ತಮ್ಮ ಶಾಲೆಯ ಒಂದನೇ ತರಗತಿಗೆ ದಾಖಲಾಗಿದ್ದಾಳೆ. ದಾಖಲಾತಿ ಸಂಖ್ಯೆ ......, ಸ್ಯಾಟ್ಸ್ ಸಂಖ್ಯೆ ....... ಆನ್‌ಲೈನ್ ಅರ್ಜಿ ತುಂಬುವಾಗ ದಿನ ಮತ್ತು ತಿಂಗಳು ಅದಲುಬದಲಾಗಿ 03-08-2019 (ಎರಡು ಸಾವಿರದ ಹತ್ತೊಂಬತ್ತನೇ ಇಸವಿ ಆಗಸ್ಟ್ ಮೂರು) ಎಂದು ನಮೂದಾಗಿದೆ. ಜನನ ಪ್ರಮಾಣಪತ್ರ ನೋಂದಣಿ ಸಂಖ್ಯೆ ...... ರ ಪ್ರಕಾರ ಸರಿಯಾದ ದಿನಾಂಕ 08-03-2019 (ಎರಡು ಸಾವಿರದ ಹತ್ತೊಂಬತ್ತನೇ ಇಸವಿ ಮಾರ್ಚ್ ಎಂಟು). ಎರಡೂ ದಿನಾಂಕದಂತೆ ಆಕೆ ದಾಖಲಾತಿಗೆ ಅರ್ಹಳಾಗಿದ್ದು, ಈ ತಿದ್ದುಪಡಿಯಿಂದ ವಯಸ್ಸಿನ ಯಾವ ಅನುಕೂಲವೂ ಆಗುವುದಿಲ್ಲ. ಆದ್ದರಿಂದ ದಾಖಲಾತಿ ವಹಿ, ಸ್ಯಾಟ್ಸ್ ಮತ್ತು ಯುಡೈಸ್ ದಾಖಲೆಗಳಲ್ಲಿ ತಿದ್ದುಪಡಿ ಮಾಡಬೇಕೆಂದೂ, ಮೇಲಧಿಕಾರಿಗಳ ಅನುಮೋದನೆ ಬೇಕಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಶಿಫಾರಸು ಮಾಡಿ ಕಳುಹಿಸಬೇಕೆಂದೂ ಕೋರುತ್ತೇನೆ.

ಲಗತ್ತು: ಜನನ ಪ್ರಮಾಣಪತ್ರದ ಪ್ರತಿ, ಆನ್‌ಲೈನ್ ಅರ್ಜಿಯ ಪ್ರತಿ, ಮಗುವಿನ ಆಧಾರ್ ಪ್ರತಿ.

ದಿನಾಂಕ, ಸಹಿ, ಮೊಬೈಲ್ ಸಂಖ್ಯೆ.'

ದಿನಾಂಕವನ್ನು ಅಕ್ಷರದಲ್ಲಿ ಬರೆಯುವುದನ್ನು ಮಾತ್ರ ಬಿಡಬೇಡಿ. ಅಂಕಿಯಲ್ಲಿ ಮಾತ್ರ ಬರೆದರೆ ತಿದ್ದುವ ಸಿಬ್ಬಂದಿ ಕೈಯಲ್ಲೂ ಅದೇ ಎಡವಟ್ಟು ಮರುಕಳಿಸುತ್ತದೆ. ಮೂರು ದಾಖಲೆಗಳ ಹೆಸರನ್ನೂ ಬರೆಯಿರಿ. 'ಶಾಲಾ ದಾಖಲೆಯಲ್ಲಿ' ಎಂದಷ್ಟೇ ಬರೆದರೆ ಸ್ಯಾಟ್ಸ್‌ನಲ್ಲಿ ಸರಿಯಾಗಿ ವಹಿಯಲ್ಲಿ ಹಳೆಯದೇ ಉಳಿಯುವುದುಂಟು. ಮುಂದೆ ವರ್ಗಾವಣೆ ಪತ್ರ ಬರೆಯುವವರು ನೋಡುವುದು ಆ ವಹಿಯನ್ನೇ. ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಛಾಪಾ ಕಾಗದದ ಅಫಿಡವಿಟ್ ಕೇಳಿದರೆ ಕೊಡಬಹುದು, ಆದರೆ ಅದು ಜನನ ಪ್ರಮಾಣಪತ್ರದ ಜಾಗ ತುಂಬುವುದಿಲ್ಲ.

ವಹಿಯಲ್ಲಿ ಹಳೆಯ ನಮೂದಿನ ಮೇಲೆ ಬಿಳಿ ಬಣ್ಣ ಬಳಿಯುವುದಾಗಲಿ, ಬ್ಲೇಡಿನಿಂದ ಕೆರೆಯುವುದಾಗಲಿ ಆಗಬಾರದು. ಹಳೆಯದು ಓದುವಂತೆ ಉಳಿದು ಒಂದೇ ಗೆರೆ ಬೀಳಬೇಕು. ಪಕ್ಕದಲ್ಲಿ ಸರಿಯಾದ ದಿನಾಂಕ ಅಂಕಿ-ಅಕ್ಷರಗಳಲ್ಲಿ, ಆದೇಶದ ಸಂಖ್ಯೆ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಇರಬೇಕು. ಕೆರೆದ ನಮೂದನ್ನು ಮುಂದೆ ಯಾವ ಕಚೇರಿ ಕಂಡರೂ ತಿರುಚಿದ್ದೆಂದೇ ಭಾವಿಸುತ್ತದೆ. ತಿದ್ದುಪಡಿ ಆದ ಮೇಲೆ ಸ್ಯಾಟ್ಸ್‌ನ ವಿದ್ಯಾರ್ಥಿ ವಿವರವನ್ನು ಮುದ್ರಿಸಿಕೊಡಲು ಕೇಳಿ, ಜನನ ಪ್ರಮಾಣಪತ್ರದ ಜೊತೆ ಒಮ್ಮೆ ಹೋಲಿಸಿ ನೋಡಿ.

ಎಸ್ಸೆಸ್ಸೆಲ್ಸಿ ನೋಂದಣಿಗೆ ವಿವರಗಳು ಸ್ಯಾಟ್ಸ್‌ನಿಂದಲೇ ಹೋಗುತ್ತವೆ. ಅಂಕಪಟ್ಟಿ ಮುದ್ರಣವಾದ ಮೇಲೆ ಜನ್ಮದಿನಾಂಕ ತಿದ್ದಿಸಲು ಬಹುತೇಕ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಒಂದನೇ ತರಗತಿಯಲ್ಲಿ ಒಂದು ಹಾಳೆಯಲ್ಲಿ ಮುಗಿಯಬಹುದಾದ ಕೆಲಸವನ್ನು ಅಲ್ಲಿಯವರೆಗೆ ಬಿಡಬಾರದು. ನಿಜವಾದ ದಿನಾಂಕದಂತೆ ದಾಖಲಾತಿಗೆ ವಯಸ್ಸೇ ಸಾಲದಿದ್ದರೆ ಮಾತ್ರ ವಿಷಯ ಬೇರೆ. ಮೇಲಿನ ಅರ್ಜಿಯ ಅರ್ಹತೆಯ ಸಾಲನ್ನು ಆಗ ಬರೆಯುವಂತಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ನೇರವಾಗಿ ವಿಚಾರಿಸಬೇಕು.

ಇಲಾಖೆಗೆ ಒಂದು ಕೋರಿಕೆ. ಆನ್‌ಲೈನ್ ಅರ್ಜಿಯಲ್ಲಿ ತಿಂಗಳನ್ನು ಅಂಕಿಯ ಬದಲು ಹೆಸರಿನಿಂದ ಆರಿಸುವಂತೆ ಮಾಡಿ. ಅರ್ಜಿ ಸಲ್ಲಿಸುವ ಮುನ್ನ 'ನಿಮ್ಮ ಮಗು ಹುಟ್ಟಿದ್ದು 8 ಮಾರ್ಚ್ 2019, ಜೂನ್ 1ಕ್ಕೆ ವಯಸ್ಸು 6 ವರ್ಷ 2 ತಿಂಗಳು' ಎಂದು ಕನ್ನಡದಲ್ಲಿ ತೋರಿಸಿ ಪೋಷಕರ ಒಪ್ಪಿಗೆ ಪಡೆಯಲಿ. ಅಂಕಿ ಓದುವಾಗ ತಪ್ಪುವ ತಾಯಿಯೂ ತಿಂಗಳ ಹೆಸರು ಕಂಡರೆ ತಕ್ಷಣ 'ಇದಲ್ಲ' ಎನ್ನುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಪೋಷಕರೊಬ್ಬರು, ದಾವಣಗೆರೆ